ಹೂವಿಗೆಂದು ಕೊಟ್ಟ ನಂಬರು

ಲವಿಟಾಳ ಖಾತೆಗೆ ಬೀಗ ಬಿದ್ದದ್ದು ಮಲ್ಲಿಗೆಯಿಂದ. ಬೇರೆಯವರು ನಂಬಲಿಕ್ಕಿಲ್ಲ, ಶಂಕರಪುರದವರು ನಂಬುತ್ತಾರೆ. ಅಲ್ಲಿ ಹೂವಿನ ಮಾತು ಬಂದರೆ ಉಳಿದ ಬುದ್ಧಿಯೆಲ್ಲ ಬದಿಗೆ!

ಆನ್‌ಲೈನ್ ಟ್ಯೂಷನ್ ಕಂಪೆನಿಯೊಂದರಲ್ಲಿ ಅವಳು ಒಂಬತ್ತು ಮಂದಿಗೆ ಗಣಿತ ಕಲಿಸುತ್ತಿದ್ದಳು. ಅವರಲ್ಲಿ ಅಬುಧಾಬಿಯ ಇವಾನ್ ಒಬ್ಬ. ಸೋಮವಾರ ಪಾಠ ಮುಗಿಯುವಾಗ ಅವನ ತಾಯಿ ಶರೋನ್ ಪರದೆಯಲ್ಲಿ ಇಣುಕಿದಳು. ಅವಳ ತವರು ಕಾಪು.

"ಟೀಚರ್, ನೀವು ಶಂಕರಪುರದವರಂತೆ, ಅಲ್ವಾ? ಶುಕ್ರವಾರ ನನ್ನ ತಂಗಿಯ ಮದುವೆಯ ರೋಸ್ ಉಂಟು. ಆರು ಅಟ್ಟೆ ಮಲ್ಲಿಗೆ ಸಿಗಬಹುದಾ?"

ಮದುಮಗಳಿಗೆ ತೆಂಗಿನಹಾಲು ಹಚ್ಚುವ ದಿನ ಜಡೆಗೆ ಮಲ್ಲಿಗೆ ಇಲ್ಲವೆಂದರೆ ಹೇಗೆ? "ಅಯ್ಯೋ, ನಮ್ಮ ಮನೆಯಲ್ಲೇ ಗಿಡ ಉಂಟು" ಎಂದು ಲವಿಟಾ ಚಾಟ್‌ನಲ್ಲಿ ತನ್ನ ಫೋನ್ ನಂಬರು ಒತ್ತಿಯೇ ಬಿಟ್ಟಳು. ಹತ್ತು ನಿಮಿಷದಲ್ಲಿ ಮೇಲ್ ಬಂತು. ನಂಬರು ಹಂಚುವುದು ನಿಯಮಕ್ಕೆ ವಿರುದ್ಧ, ಪರಿಶೀಲನೆ ಮುಗಿಯುವ ತನಕ ಪಾಠವಿಲ್ಲ. ಶಿಕ್ಷಕರು ವಿದ್ಯಾರ್ಥಿಗಳನ್ನು ಹೊರಗೆ ಎಳೆದುಕೊಂಡು ಹೋದಾರೆಂದು ಕಂಪೆನಿಗೆ ಹೆದರಿಕೆ.

ಲವಿಟಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಇದನ್ನೇ ನಂಬಿ ಕಾರ್ಕಳದ ಶಾಲೆಯ ಕೆಲಸ ಬಿಟ್ಟವಳು ಅವಳು. ತಾಸಿಗೆ ಎಂಟುನೂರು ರೂಪಾಯಿ ದರ. ಮೊದಲು ಕಂಪೆನಿ ಅದರಲ್ಲಿ ನೂರಕ್ಕೆ ಮೂವತ್ತಮೂರು ಮುರಿಯುತ್ತಿತ್ತು. ಇನ್ನೂರು ತಾಸು ಕಲಿಸಿದ ಮೇಲೆ ಇಪ್ಪತ್ತೈದಕ್ಕೆ ಇಳಿದು, ಕೈಗೆ ಆರುನೂರು ಬರುತ್ತಿತ್ತು. ಖಾತೆ ಹೋದರೆ ಆ ತಾಸುಗಳೂ ಹೋದವು, ಪೋಷಕರು ಬರೆದ ಒಳ್ಳೆಯ ಮಾತುಗಳೂ ಹೋದವು, ಒಂಬತ್ತು ಮಂದಿಯೂ ಹೋದರು.

ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು ಟ್ಯೂಷನ್ ನಡೆಸುವ ಗೆಳತಿ ನಿಖಿತಾಳಿಗೆ ಫೋನ್ ಮಾಡಿದಳು.

"ಇಲ್ಲಿಗೇ ಬಾ ಮಾರಾಯ್ತಿ. ಮಗುವಿಗೆ ತಿಂಗಳಿಗೆ ಎಂಟುನೂರು, ಕಮಿಷನ್ ಗಿಮಿಷನ್ ಎಂತದೂ ಇಲ್ಲ."

"ಮಕ್ಕಳು ಎಷ್ಟು ಉಂಟು?"

"ಪರೀಕ್ಷೆ ಹತ್ತಿರ ಬಂದಾಗ ಇಪ್ಪತ್ತು. ಏಪ್ರಿಲ್‌ನಲ್ಲಿ ನಾನು, ಫ್ಯಾನು. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಉಂಟು!"

ಲವಿಟಾ ನಗಲಾರದೆ ನಕ್ಕಳು. ಆಮೇಲೆ ಕಂಪೆನಿಗೆ ಪತ್ರ ಬರೆದಳು: ನಂಬರು ಕೊಟ್ಟದ್ದು ಹೂವಿಗಾಗಿ, ಯಾವ ವಿದ್ಯಾರ್ಥಿಗೂ ಹೊರಗೆ ಕಲಿಸಿಲ್ಲ, ಕಲಿಸುವುದಿಲ್ಲ.

ಬುಧವಾರ ಶರೋನ್‌ಳ ಕರೆ ಬಂತು. ಹೂವಿನ ಮಾತು ಒಂದು ನಿಮಿಷಕ್ಕೆ ಮುಗಿಯಿತು. "ಟೀಚರ್, ಇನ್ನು ಆ ಕಂಪೆನಿ ಎಂತಕ್ಕೆ? ನೀವು ನೇರ ಕಲಿಸಿ. ತಾಸಿಗೆ ಏಳುನೂರು ಕೊಡ್ತೇನೆ. ನಿಮಗೂ ಲಾಭ, ನನಗೂ ಲಾಭ."

ಲವಿಟಾ ಲೆಕ್ಕ ಹಾಕಿದಳು. ಖಾತೆ ತೆರೆಯದೇ ಹೋದರೆ ಇವಾನ್ ಒಬ್ಬನಾದರೂ ಉಳಿಯುತ್ತಾನೆ. ಯಾರಿಗೆ ಗೊತ್ತಾಗುತ್ತದೆ? "ಸಂಜೆ ಹೇಳ್ತೇನೆ" ಎಂದಳು.

ಜಗಲಿಯಲ್ಲಿ ತಾಯಿ ಐರಿನ್ ಮೊಗ್ಗು ಪೋಣಿಸಿ ಚೆಂಡು ಕಟ್ಟುತ್ತಿದ್ದರು; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಾಪುವಿನ ಆರು ಅಟ್ಟೆಗೆ ಅವರು ಆಗಲೇ ಹೂವಿನ ಏಜೆಂಟ್ ಶೀನಣ್ಣನಿಗೆ ಹೇಳಿಯಾಗಿತ್ತು.

"ಶೀನಣ್ಣನಿಗೆ ಯಾಕೆ ಮಮ್ಮಿ? ಗಿರಾಕಿ ನಾನು ತಂದದ್ದಲ್ವಾ? ಅವನ ಕಮಿಷನ್ ಉಳೀತಿತ್ತು."

"ರೋಸ್ ವರ್ಷಕ್ಕೆ ಎಷ್ಟು ಬರ್ತದೆ ಬಾಯೆ? ಆಟಿ ತಿಂಗಳ ಮಳೆಯಲ್ಲಿ ಕೇಳುವವರಿಲ್ಲದ ಹೂವನ್ನೂ ಅವನು ತಗೊಂಡು ಹೋಗ್ತಾನೆ. ಒಳ್ಳೆ ಗಿರಾಕಿ ಬಂದ ದಿನ ಅವನನ್ನು ಬದಿಗೆ ನೂಕಿದರೆ, ಮರುದಿನ ನಾನು ಯಾವ ಮುಖದಲ್ಲಿ ಚೆಂಡು ಕೊಡ್ಲಿ?" ಐರಿನ್ ಬಾಳೆನಾರು ಬಿಗಿದರು. "ಅಲ್ಲ, ಶೀನಣ್ಣನ ನಂಬರ್ ಪೇಟೆಗೆಲ್ಲ ಗೊತ್ತುಂಟು. ನಿನ್ನದು ಯಾಕೆ ಕೊಟ್ಟೆ?"

ಲವಿಟಾಳಿಗೆ ಸಿಟ್ಟು ಬಂತು, ತಾಯಿಯ ಮೇಲಲ್ಲ, ತನ್ನ ಮೇಲೆ. ಹಿತ್ತಲಿಗೆ ಹೋಗಿ ಬಂದಳು, ನೀರು ಕುಡಿದಳು, ಮತ್ತೆ ಹೋದಳು. ಕಂಪೆನಿ ಶೀನಣ್ಣನಷ್ಟು ಒಳ್ಳೆಯದೇನಲ್ಲ, ಮುಖವಿಲ್ಲದ ಕಂಪೆನಿ. ಆದರೆ ಕಲಿಸುವುದಿಲ್ಲ ಎಂದು ಬರೆದ ಕೈ ಅವಳದೇ. ಸಂಜೆ ಶರೋನ್‌ಗೆ ಹೇಳಿದಳು: "ಹೂವು ಬರ್ತದೆ. ಪಾಠ ಮಾತ್ರ ಅಲ್ಲಿಂದಲೇ. ಖಾತೆ ತೆರೆಯುವವರೆಗೆ ಕಾಯ್ತೀರಾ?"

"ನೋಡುವ" ಎಂದು ಶರೋನ್ ಫೋನ್ ಇಟ್ಟಳು.

ಶುಕ್ರವಾರ ಎಚ್ಚರಿಕೆಯೊಂದಿಗೆ ಖಾತೆ ತೆರೆಯಿತು. ಲವಿಟಾ "ಮಮ್ಮೀ!" ಎಂದು ಕೂಗಿದಳು. ಪಟ್ಟಿ ನೋಡಿದಳು. ಎಂಟು ಹೆಸರು. ಇವಾನ್ ಇರಲಿಲ್ಲ. ಫೋನಿನಲ್ಲಿ ಶರೋನ್‌ಳ ಸಂದೇಶವಿತ್ತು: "ಹೂವು ತಲುಪಿತು, ತುಂಬ ಚಂದ ಉಂಟು ಟೀಚರ್. ಇವಾನ್‌ಗೆ ಬೇರೆಯವರು ಸಿಕ್ಕಿದ್ರು, ನೇರ ಕಲಿಸ್ತಾರಂತೆ. ಬೇಜಾರು ಮಾಡ್ಬೇಡಿ."

ಬೇಜಾರಾಗದೇ ಇರುತ್ತದೆಯೇ? ಅವಳು ಅತ್ತಳು, ಮುಖ ತೊಳೆದಳು. ಐದೂವರೆಗೆ ಇವಾನ್‌ನ ಖಾಲಿ ತಾಸಿಗೆ ಹೊಸ ಹುಡುಗಿಯೊಬ್ಬಳ ಹೆಸರು ಬಂತು. ಪ್ರಯೋಗದ ಪಾಠ. ಮೊದಲ ಪಾಠದ ಹಣ ಪೂರ್ತಿ ಕಂಪೆನಿಗೆ, ಟೀಚರಿಗೆ ಬಿಡಿಗಾಸೂ ಇಲ್ಲ.

"ಎಷ್ಟು ಸಿಗ್ತದೆ ಇದಕ್ಕೆ?" ಎಂದು ಐರಿನ್ ಕೇಳಿದರು.

"ಇವತ್ತು ಎಂತದೂ ಇಲ್ಲ ಮಮ್ಮಿ" ಎಂದು ಲವಿಟಾ ಕ್ಯಾಮೆರಾದ ಗುಂಡಿ ಒತ್ತಿದಳು.