ಜಡೆ ಬಿಚ್ಚಿದ ಫೋಟೋ

ಕುಣಿಗಲ್‌ನ ಶಾಲೆಯ ಸ್ಟಾಫ್ ರೂಮಿನಲ್ಲಿ ಭೂಮಿಕಾ ಟೀಚರ್ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡು, ಒಂದು ತುತ್ತೂ ತಿನ್ನದೆ ಫೋನನ್ನೇ ನೋಡುತ್ತಿದ್ದಳು. ಉದಯಕುಮಾರನ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಬರುತ್ತಿತ್ತು, ಮಾಯವಾಗುತ್ತಿತ್ತು, ಮತ್ತೆ ಬರುತ್ತಿತ್ತು.

ಉದಯಕುಮಾರ್ ಕೆಟ್ಟವನೇನಲ್ಲ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ದನದ ಡಾಕ್ಟರ್. ತುಮಕೂರಿನ ಸದಾಶಿವನಗರದಲ್ಲಿರುವ ಅವನ ಚಿಕ್ಕಮ್ಮ ಪ್ರಮೀಳಾ ಈ ಸಂಬಂಧ ತಂದು, ಇಬ್ಬರಿಗೂ ನಂಬರ್ ಕೊಟ್ಟು ತಿಂಗಳಾಗಿತ್ತು. ಮೊದಲ ಮೂರು ವಾರ ಅವನು ಒಂದು ಕೇಳಿದರೆ ಇವಳು ಎರಡು ಕೇಳುತ್ತಿದ್ದಳು. 'ಎಮ್ಮೆ ಡಾಕ್ಟ್ರೇ, ಇವತ್ತು ಯಾರು ಒದ್ದರು?' ಎಂದು ಎಷ್ಟೋ ಸಲ ತಾನೇ ಶುರು ಮಾಡುತ್ತಿದ್ದಳು. 'ನೀವು ಒದೆಯೋದೊಂದು ಬಾಕಿ' ಎಂದು ಅವನು ಬರೆದರೆ ಮನಸಾರೆ ನಗುತ್ತಿದ್ದಳು.

ಭಾನುವಾರ ಅವನು ಬರೆದ: 'ನಿಮ್ಮ ಕೆನ್ನೆ ಗುಳಿ ಕನಸಲ್ಲೂ ಬರುತ್ತೆ. ಜಡೆ ಬಿಚ್ಚಿರೋ ಫೋಟೋ ಒಂದು ಕಳ್ಸಿ, ನಂಗೊಬ್ಬನಿಗೇ.'

ಭೂಮಿಕಾ ಫೋನನ್ನು ಮಗುಚಿಟ್ಟಳು. ಹೋದ ವರ್ಷ ಸಂಬಂಧ ಕೇಳಿಕೊಂಡು ಬಂದಿದ್ದ ಮರಳೂರಿನ ಶಿವರಾಜನೂ ಹೀಗೇ ಕೇಳಿದ್ದ. ಇಲ್ಲ ಎಂದರೆ ಮುನಿಸಿಕೊಂಡಾನು ಎಂದು ಕಳಿಸಿದ್ದಳು. ಇವಳ ಮನೆಯವರು ಆ ಸಂಬಂಧ ಬೇಡವೆಂದ ವಾರದಲ್ಲೇ ಆ ಫೋಟೋ ನೆಂಟರ ಫೋನುಗಳಲ್ಲಿ ಓಡಾಡಿತು. ದೊಡ್ಡಪ್ಪ ಮಹಾಲಿಂಗಯ್ಯ ಎಲ್ಲರೆದುರು ಫೋನ್ ಹಿಡಿದು, "ಏನ್ಲೇ, ಇದು ನೀನೇನಾ?" ಎಂದಿದ್ದರು. ಆಗ ನೆಲ ನೋಡುತ್ತ ನಿಂತಿದ್ದು ಅವಳಿಗೆ ಇನ್ನೂ ನೆನಪಿತ್ತು.

ಅದಕ್ಕೇ ಉದಯಕುಮಾರನಿಗೆ ನಗುವ ಮುಖದ ಇಮೋಜಿ ಒಂದನ್ನು ಕಳಿಸಿ, 'ನಮ್ಮಪ್ಪ ಎಳನೀರು ಕೀಳಿಸ್ತಿದಾರೆ' ಎಂದು ಮಾತು ತಿರುಗಿಸಿದಳು. ಸೋಮವಾರ ಅವನು ಬರೆದದ್ದಕ್ಕೆ ಇವಳ ಉತ್ತರ ಬರೀ 'ಹೂಂ'. ಮಂಗಳವಾರ, ನಾಲ್ಕು ಗಂಟೆ ಬಿಟ್ಟು, 'ಕ್ಲಾಸ್ ಇತ್ತು'. ಇದನ್ನು ನಾಚಿಕೆ ಅಂದುಕೊಂಡು ಇನ್ನೊಂದು ಹೆಜ್ಜೆ ಮುಂದಿಡುವ ಗಂಡಸರಿಗೇನು ಬರವೇ? ಇಲ್ಲ ಎಂದು ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ಅಷ್ಟಕ್ಕೇ ಸಂಬಂಧ ಮುರಿದರೆ? ಅವನು ಅವಳಿಗೆ ನಿಜಕ್ಕೂ ಇಷ್ಟವಾಗಿದ್ದ, ಸಂಕಟವೆಲ್ಲ ಅದೇ.

ಬುಧವಾರದ ಈ ಮಧ್ಯಾಹ್ನ ಕೊನೆಗೂ ಮೆಸೇಜು ಬಂತು.

'ಭೂಮಿಕಾ ಅವ್ರೇ, ಈಗ ಮೊದಲಿಂದ ಓದ್ಕೊಂಡ್ ಬಂದೆ. ಭಾನುವಾರದ ತನಕ ನೀವೂ ಕೇಳ್ತಿದ್ರಿ, ನೀವೇ ಶುರು ಮಾಡ್ತಿದ್ರಿ. ಫೋಟೋ ಕೇಳಿದ್ಮೇಲೆ ನಿಮ್ಮಿಂದ ಒಂದು ಪ್ರಶ್ನೆನೂ ಇಲ್ಲ, ಮೂರು ದಿನದಿಂದ ನಾನೊಬ್ನೇ ಬರೀತಿದೀನಿ. ನೀವು ನಕ್ಕಿದ್ದನ್ನ ಒಪ್ಪಿಗೆ ಅನ್ಕೊಂಡು ಇನ್ನೊಂದ್ಸಲ ಕೇಳೋಕೆ ಹೋಗಿದ್ದೆ, ಅಳಿಸ್ದೆ. ಫೋಟೋ ಕಳ್ಸೋದು ನಿಮಗಿಷ್ಟ ಇಲ್ವಾ? ಇಲ್ಲ ಅಂದ್ರೆ ಇಲ್ಲ ಅನ್ನಿ, ಸಾಕು. ಕಾರಣ ಬೇಡ. ಮನೆಯವರ ತನಕ ಈ ಮಾತು ಹೋಗಲ್ಲ.'

ಓದಿದ ಮೇಲೆ ಅವಳ ಭಯ ಇಳಿಯಲಿಲ್ಲ, ಏರಿತು. ಶಿವರಾಜನೂ 'ನಿನ್ನಿಷ್ಟ' ಅಂತಲೇ ಶುರು ಮಾಡಿ, ಆಮೇಲೆ ಎರಡು ದಿನ ಮುಖ ಊದಿಸಿಕೊಂಡಿದ್ದ. ಇದೂ ಅದೇ ಬಲೆಯೋ? ಬರೆದಳು, ಅಳಿಸಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟಳು: 'ಇಷ್ಟ ಇಲ್ಲ. ಫೋಟೋ ಕಳ್ಸಲ್ಲ. ಆ ತರ ಮಾತೂ ಈಗ ಬೇಡ.'

ನೀಲಿ ಗೆರೆ ಬಿತ್ತು, ಅವನು ಓದಿದ್ದ. ಉತ್ತರ ಬರುವ ಮೊದಲೇ ಬೆಲ್ ಹೊಡೆಯಿತು. ಮೂರನೇ ಕ್ಲಾಸಿನ ಮಕ್ಕಳಿಗೆ ಏನು ಪಾಠ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಶಾಲೆ ಬಿಡುವ ಹೊತ್ತಿಗೆ ಅಮ್ಮ ಸಿದ್ದಗಂಗಮ್ಮನ ಫೋನ್ ಬಂತು.

"ಪ್ರಮೀಳಮ್ಮ ಫೋನ್ ಮಾಡಿದ್ರು ಕಣೇ."

ಮುಗಿಯಿತು, ಅವನು ಹೇಳಿಬಿಟ್ಟಿದ್ದಾನೆ. "ಏನಂದ್ರಮ್ಮ?"

"ನಿಂಗೆ ಯಾವ ಬಣ್ಣದ ಸೀರೆ ಇಷ್ಟ ಅಂತ ಕೇಳಿದ್ರು. ಉದಯನ್ನ ಕೇಳಿದ್ರೆ 'ನನ್ನನ್ಯಾಕೆ ಕೇಳ್ತೀರ, ಅವ್ರನ್ನೇ ಕೇಳಿ' ಅಂದ್ನಂತೆ. ಯಾಕೆ, ಅಳ್ತಿದೀಯಾ?"

"ಇಲ್ಲಮ್ಮ."

ಫೋನ್ ತೆರೆದರೆ ಅವನ ಉತ್ತರ ಆಗಲೇ ಬಂದು ಕೂತಿತ್ತು. 'ಸರಿ. ಕೇಳಿದ್ದು ನನ್ನ ತಪ್ಪು, ಮತ್ತೆ ಕೇಳಲ್ಲ. ನಿಮಗೆ ಮಾತಾಡ್ಬೇಕು ಅನ್ಸಿದಾಗ ಬರೀರಿ.' ಯಾಕೆ ಎಂಬ ಪ್ರಶ್ನೆಯಿಲ್ಲ, ಅಳುವ ಮುಖದ ಇಮೋಜಿಯಿಲ್ಲ.

ಆದರೂ ಅವಳು ನಂಬಲಿಲ್ಲ. ಗುರುವಾರ ಕಾದಳು, ಶುಕ್ರವಾರ ಕಾದಳು. ಅವನಿಂದ ಚುಚ್ಚುಮಾತು ಬರಲಿಲ್ಲ, ನೆಂಟರ ಫೋನೂ ಬರಲಿಲ್ಲ. ಅವನ ಮೌನ ಮುನಿಸಲ್ಲ, ಸುಮ್ಮನೆ ಅವಳಿಗೆ ಬಿಟ್ಟಿದ್ದಾನೆ ಎಂದು ನಿಧಾನವಾಗಿ ಅರಿವಾಯಿತು. ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಬರೆದಳು: 'ಎಮ್ಮೆ ಡಾಕ್ಟ್ರೇ, ಇವತ್ತು ಯಾರು ಒದ್ದರು?'

'ಇವತ್ತು ಯಾರೂ ಇಲ್ಲ. ಬುಧವಾರ ಒಬ್ರು ಒದ್ದಿದ್ರು. ಬೀಳಬೇಕಾದ ಕಡೆಗೇ ಬಿತ್ತು.'

ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟಳು. ಈ ಸಲ ನಗುವ ಮುಖದ ಇಮೋಜಿ ಕಳಿಸಲಿಲ್ಲ.

'ತುಂಬಾ ನೋವಾಯ್ತಾ?' ಎಂದು ಕೇಳಿದಳು.