ಸೊನ್ನೆ ನಂಬರಿನ ಸಾಹೇಬರು

ನನ್ನ ಅಣ್ಣ ಸಿದ್ದಾರೂಢ ನಲವತ್ನಾಲ್ಕನೆಯ ವಯಸ್ಸಿನಲ್ಲಿ ಮದುವೆಗೆ ಒಪ್ಪಿದ. ನಾವೆಲ್ಲ ಕೈಬಿಟ್ಟು, ಅವನ ಹೆಸರು ಬಂದರೆ ಮಾತು ಬದಲಿಸುವುದನ್ನು ರೂಢಿ ಮಾಡಿಕೊಂಡ ಮೇಲೆ ಒಪ್ಪಿದ. ಬೆಳಗಾವಿಯಲ್ಲಿ ಮದುವೆ. ಅವನಿಗಿರುವ ಒಬ್ಬಳೇ ತಂಗಿ ನಾನು, ಹಾಗಾಗಿ ಕಳಸಗಿತ್ತಿ ನಾನೇ. ಕಳಸ ಹಿಡಿಯಲು ಬಾಡಿಗೆಗೆ ಯಾರೂ ಸಿಗುವುದಿಲ್ಲ.

ಸರಿಯಾಗಿ ಅದೇ ವಾರಕ್ಕೆ ಶಿರೂರಿನ ಪ್ರಾಕ್ಟಿಕಲ್ ಪರೀಕ್ಷೆ ಬಂದು ಕೂತಿತು.

ನಾನು ಪುಣೆಯ ಪಕ್ಕದ ಚಿಂಚವಾಡದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಆಗಾಗ ನಮ್ಮ ವಿಭಾಗದಿಂದ ಒಬ್ಬರು ಶಿರೂರಿನ ಕಾಲೇಜಿಗೆ ಪರೀಕ್ಷಕರಾಗಿ ಹೋಗಬೇಕು. ಹೋದವರು ವಾರಗಟ್ಟಲೆ ಅಲ್ಲಿಯ ಲಾಡ್ಜಿನಲ್ಲಿ ಇರಬೇಕು. ಆ ಲಾಡ್ಜಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಊಟದ ಹೊತ್ತಿನಲ್ಲಿ ಯಾರಾದರೂ ಇದನ್ನು ಓದುತ್ತಿರಬಹುದು.

ಯಾರು ಹೋಗಬೇಕು ಎಂಬ ಜಗಳಕ್ಕೆ ನಮ್ಮ ವಿಭಾಗದ ಮುಖ್ಯಸ್ಥರು ಶಿವರುದ್ರಪ್ಪ ಸರ್ ಒಮ್ಮೆ ರಿಂಗ್ ಕೌಂಟರ್ ಕಟ್ಟಿದ್ದರು. ಹದಿನಾರು ಜನಕ್ಕೆ ಹದಿನಾರು ದೀಪ, ಉರಿಯುವುದು ಒಂದೇ. ಒಬ್ಬರು ಹೋಗಿ ಬಂದರೆ ಬಟನ್ ಒತ್ತಬೇಕು, ಬೆಳಕು ಪಕ್ಕದವರ ದೀಪಕ್ಕೆ ಜರುಗುತ್ತದೆ. ಕೊನೆಯ ದೀಪ ಮುಟ್ಟಿದ ಮೇಲೆ ಮತ್ತೆ ಮೊದಲನೆಯದಕ್ಕೆ. ಸರದಿ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಬೆಳಕು ಹತ್ತಿರ ಬಂದಂತೆ ಮಂದಿಗೆ ಸೊಂಟ ಹಿಡಿಯುತ್ತಿತ್ತು, ಅತ್ತೆಗೆ ಹುಷಾರು ತಪ್ಪುತ್ತಿತ್ತು. ಒಂದು ಸಲ ಕರೆಂಟು ಮಿಣುಕಿ, ಒಂದರ ಬದಲು ಎರಡು ದೀಪ ಹೊತ್ತಿಕೊಂಡವು. ರಿಂಗ್ ಕೌಂಟರಿಗೆ ತಾನು ತಪ್ಪಿದ್ದು ತಿಳಿಯುವುದಿಲ್ಲ. ಎರಡೂ ದೀಪಗಳು ಒಂದರ ಹಿಂದೊಂದು ಸುತ್ತುತ್ತಲೇ ಇದ್ದವು, ಒಂದೇ ಪರೀಕ್ಷೆಗೆ ಇಬ್ಬರು ಶಿರೂರಿಗೆ ಹೋಗಿ ಒಂದೇ ಕುರ್ಚಿಗಾಗಿ ಕಾದಾಡಿದರು. ಆದರೆ ಆ ಯಂತ್ರ ಅನ್ಯಾಯದ್ದು ಎಂದು ಸರ್‌ಗೆ ಹೊಳೆದದ್ದು ಆಗಲ್ಲ, ಸ್ವತಃ ತಾವೇ ಒಮ್ಮೆ ಶಿರೂರಿಗೆ ಹೋಗಿ ಬಂದ ಮೇಲೆ.

ಆಮೇಲೆ ಬಂತು ಈಗಿನ ಡಬ್ಬಿ. ಒಳಗೆ ನಾಲ್ಕು ಮನೆಗಳ ಶಿಫ್ಟ್ ರಿಜಿಸ್ಟರ್. ಪ್ರತಿ ಮನೆಯಲ್ಲಿ ಒಂದು ಅಂಕಿ, ಸೊನ್ನೆ ಅಥವಾ ಒಂದು. ಬಟನ್ ಒತ್ತಿದಾಗಲೆಲ್ಲ ಎಲ್ಲ ಅಂಕಿಗಳೂ ಒಂದೊಂದು ಮನೆ ಮುಂದೆ ಸರಿಯುತ್ತವೆ, ಕೊನೆಯ ಮನೆಯದು ಹೊರಗೆ ಬೀಳುತ್ತದೆ, ಸ್ವಿಚ್ಚಿನಲ್ಲಿ ಇಟ್ಟದ್ದು ಮೊದಲ ಮನೆಗೆ ಬರುತ್ತದೆ. ಈ ಡಬ್ಬಿ ಬಂದ ಮೇಲೆ ಇನ್ನೂ ಶಿರೂರಿಗೆ ಹೋಗದ ನಾಲ್ವರು ಸಾಲಾಗಿ ಬಂದು ಕೈ ಅಡ್ಡ ಹಿಡಿದು ತಮ್ಮ ತಮ್ಮ ಅಂಕಿ ತುಂಬುತ್ತಾರೆ. ಆಮೇಲೆ ಸ್ವಿಚ್ಚಿನ ಕೆಲಸ ಮುಗಿಯಿತು. ದೊಡ್ಡ ಬಟನ್ ಅದುಮಿ ಹಿಡಿದರೆ ಯಂತ್ರ ತನಗೆ ತಾನೇ ಅಂಕಿ ಉಣಿಸಿಕೊಳ್ಳುತ್ತದೆ: ಕೊನೆಯ ಎರಡು ಮನೆಗಳಲ್ಲಿರುವುದು ಬೇರೆ ಬೇರೆಯಾಗಿದ್ದರೆ ಮೊದಲ ಮನೆಗೆ ಒಂದು, ಒಂದೇ ಆಗಿದ್ದರೆ ಸೊನ್ನೆ. ಇದು ಕಣ್ಣಿಗೆ ಸಿಗದ ವೇಗದಲ್ಲಿ ತಿರುಗುತ್ತದೆ. ಬಟನ್ ಬಿಟ್ಟಾಗ, ಅದುವರೆಗೆ ಆರಿದ್ದ ನಾಲ್ಕು ದೀಪಗಳು ನಾಲ್ಕು ಮನೆಗಳಲ್ಲಿ ಇದ್ದದ್ದನ್ನು ಒಟ್ಟಿಗೇ ತೋರಿಸುತ್ತವೆ. ದೀಪಗಳ ಬೆಲೆ ಎಂಟು, ನಾಲ್ಕು, ಎರಡು, ಒಂದು. ಉರಿಯುವುದನ್ನು ಕೂಡಿಸಿದರೆ ಯಾರ ನಂಬರು ಎಂದು ತಿಳಿಯುತ್ತದೆ. ಈಗಾಗಲೇ ಹೋಗಿ ಬಂದವರ ನಂಬರು ಬಂದರೆ ಮತ್ತೆ ಒತ್ತುವುದು.

ನಂಬರು ಹಂಚಿದ ದಿನ ಸೊನ್ನೆಯನ್ನು ತೆಗೆದುಕೊಳ್ಳಲು ಎಲ್ಲರೂ ಮುಖ ಕಿವುಚಿದರು. ಶಿವರುದ್ರಪ್ಪ ಸರ್ ಎದೆ ಮೇಲೆ ಕೈಯಿಟ್ಟು, "ಯಾರಿಗೂ ಬ್ಯಾಡಾದ್ದು ನನಗಿರಲಿ" ಎಂದರು. ನಮಗೆಲ್ಲ ಕಣ್ಣು ತುಂಬಿ ಬಂತು. ಎಂಥಾ ದೊಡ್ಡ ಮನಸ್ಸು ಎಂದುಕೊಂಡೆವು.

ಎರಡು ವರ್ಷದಲ್ಲಿ ಹನ್ನೆರಡು ಜನ ಹೋಗಿ ಬಂದರು. ಉಳಿದವರು ನಾನು, ಸ್ನೇಹಲ್, ವಿಕ್ರಮ ಮತ್ತು ಸರ್.

ಡ್ರಾ ನಡೆಯುವ ಹಿಂದಿನ ದಿನ ನಾನು ಎರಡನೇ ವರ್ಷದವರಿಗೆ ಇದೇ ಪಾಠ ಮಾಡುತ್ತಿದ್ದೆ. ನಾಲ್ಕು ಮನೆಗಳ ಸರಣಿಯನ್ನು ಬೋರ್ಡಿನ ಮೇಲೆ ಬರೆದೆ. ಒಂದರಿಂದ ಹದಿನೈದರವರೆಗಿನ ಎಲ್ಲ ನಂಬರೂ ಒಂದೊಂದು ಸಲ ಬಂದು, ಮತ್ತೆ ಮೊದಲನೆಯದೇ ಬಂತು. ವರ್ಷವರ್ಷವೂ ಹೇಳುವ ಮಾತನ್ನೇ ಹೇಳಿದೆ: "ಸೊನ್ನೆ ಈ ಸುತ್ತಿನಲ್ಲಿ ಎಂದೂ ಬರುವುದಿಲ್ಲ. ಒಳಗೆ ಎಲ್ಲೋ ಒಂದು ಕಡೆ ಒಂದು ಇದ್ದರೆ ಸಾಕು, ಎಲ್ಲ ಸೊನ್ನೆಯ ಸ್ಥಿತಿಗೆ ಅದು ಹೋಗುವುದೇ ಇಲ್ಲ. ಆದರೆ ಎಲ್ಲ ಸೊನ್ನೆಯಿಂದಲೇ ಶುರುವಾದರೆ, ಅಲ್ಲಿಂದ ಹೊರಗೂ ಬರುವುದಿಲ್ಲ."

ಹೇಳಿ, ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತೆ.

ಹದಿನಾರು ಜನ ಎಲೆಕ್ಟ್ರಾನಿಕ್ಸ್ ಮೇಷ್ಟ್ರುಗಳು. ಇದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುತ್ತೇವೆ. ಎರಡು ವರ್ಷ ನಮ್ಮ ಮೂಗಿನ ಕೆಳಗೆ ಆ ಮನುಷ್ಯ ಸೊನ್ನೆಯನ್ನು ಅಪ್ಪಿಕೊಂಡು ಕೂತಿದ್ದಾರೆ, ನಾವು ಅವರ ತ್ಯಾಗಕ್ಕೆ ಕಣ್ಣೊರೆಸಿಕೊಂಡಿದ್ದೇವೆ. ನನಗೆ ಮೈ ಉರಿಯಿತು. ಇನ್ನೊಂದು ನೆನಪಾಗಿ ಇನ್ನೂ ಉರಿಯಿತು. ಪ್ರತಿ ಸಲವೂ ಮೊದಲ ಅಂಕಿ ತುಂಬುವವರು ಸರ್‌, ತುಂಬುವುದು ಯಾವಾಗಲೂ ಒಂದು. "ಶುಭಕಾರ್ಯ ಒಂದರಿಂದ ಶುರು ಆಗಬೇಕು" ಎಂದು ಬೇರೆ ಹೇಳುತ್ತಿದ್ದರು. ಉಳಿದ ಮೂವರೂ ಅಕಸ್ಮಾತ್ ಸೊನ್ನೆ ತುಂಬಿಬಿಟ್ಟರೆ ಎಂಬ ಭಯ, ಪುಣ್ಯಾತ್ಮನಿಗೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಸ್ನೇಹಲ್‌ಗೂ ವಿಕ್ರಮನಿಗೂ ಹೇಳಿದೆ. ಸ್ನೇಹಲ್ ಪುಣೆಯ ಹುಡುಗಿ, ಚಪಾತಿ ಕೈಯಲ್ಲೇ ಉಳಿಯಿತು. ಮರಾಠಿಯಲ್ಲಿ ಅವಳು ಅಂದದ್ದನ್ನು ಬರೆಯಲು ಬರುವುದಿಲ್ಲ. ವಿಕ್ರಮ ಧಾರವಾಡದವನು, ಸಾವಧಾನದ ಮನುಷ್ಯ.

"ಎಲ್ಲಾರ ಮುಂದ ಕೇಳೂಣೇನ್ರಿ?" ಎಂದ.

"ಕೇಳಿದ್ರ ಅಯ್ಯೋ ನನಗ ಹೊಳದಿದ್ದಿಲ್ಲ ಅಂತಾರ, ಹೊಸಾ ನಂಬರ್ ಹಂಚ್ತಾರ, ಮತ್ತ ಡ್ರಾ ಆಗ್ತದ. ಅದರಾಗ ನಂದು ಬಂದ್ರ ಕಳಸ ಯಾರು ಹಿಡೀತಾರ, ನೀ ಹಿಡೀತೀಯೇನು?"

"ಮತ್ತೇನ್ ಮಾಡೂದ್ರಿ? ನಾವು ಮೂರೂ ಮಂದಿ ಸೊನ್ನಿ ಹಾಕಿದ್ರೂ ಅವರ ಒಂದು ಒಳಗ ಇದ್ದೇ ಇರ್ತದಲ್ಲ."

"ಇರ್ತದ, ಕಡೀ ಮನ್ಯಾಗ. ಇನ್ನೊಂದು ಸಲ ದೂಡಿದ್ರ?"

ವಿಕ್ರಮ ಅಗಿಯುವುದನ್ನು ನಿಲ್ಲಿಸಿದ. ಇಪ್ಪತ್ತು ವರ್ಷಗಳಿಂದ ಸ್ನೇಹಿತ, ಅಷ್ಟು ಸಂತೋಷವಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಲ್ಯಾಬಿನಲ್ಲಿ ಎಲ್ಲರೂ ಸೇರಿದರು. ಡಬ್ಬಿ ಮೇಜಿನ ಮೇಲೆ, ಕರೆಂಟು ಇದೆ ಎಂದು ಹೇಳುವ ಹಸಿರು ದೀಪ ಮೂಲೆಯಲ್ಲಿ. ಸರ್ ಮೊದಲು ಬಂದು, ಸ್ವಿಚ್ಚು ಒಂದಕ್ಕೆ ಇಟ್ಟು, ದೇವರ ಗಂಟೆ ಬಾರಿಸಿದಂತೆ ಬಟನ್ ಒತ್ತಿದರು. ಅವರ ಒಂದು ಮೊದಲ ಮನೆಗೆ ಹೋಯಿತು. ಸ್ನೇಹಲ್ ಸೊನ್ನೆ ತುಂಬಿದಳು, ಸರ್ ಅವರ ಒಂದು ಎರಡನೆಯದಕ್ಕೆ ಜರುಗಿತು. ವಿಕ್ರಮನೂ ಸೊನ್ನೆ ತುಂಬಿದ, ಆ ಒಂದು ಮೂರನೆಯದಕ್ಕೆ. ನಾನು ಸ್ವಿಚ್ಚು ಸೊನ್ನೆಗೇ ಬಿಟ್ಟು ಒತ್ತಿದೆ, ನಾಲ್ಕನೆಯದಕ್ಕೆ. ಕೆಮ್ಮು ಬಂದವಳಂತೆ ಕೆಮ್ಮಿ, ಅದೇ ಕೆಮ್ಮಿನಲ್ಲಿ ಇನ್ನೊಮ್ಮೆ ಒತ್ತಿದೆ. ಸಾಹೇಬರ ಶುಭದ ಒಂದು ಡಬ್ಬಿಯ ಆಚೆಗೆ ಬಿದ್ದುಹೋಯಿತು.

ಸರ್ ದೊಡ್ಡ ಬಟನ್ ಅದುಮಿ ಹಿಡಿದರು. ಮದುವೆಯ ವಿಷಯ ಅವರಿಗೂ ಗೊತ್ತಿತ್ತು. ನನ್ನ ಕಡೆ ನೋಡಿ, "ಇಂದೂಬಾಯಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ, ಯಾರದು ಬಂದ್ರೂ ದೈವ" ಎಂದರು. ಬಿಟ್ಟರು.

ಒಂದು ದೀಪವೂ ಹೊತ್ತಲಿಲ್ಲ.

ಮತ್ತೆ ಒತ್ತಿ ಬಿಟ್ಟರು. ಕತ್ತಲೆ. ಮೂರನೆಯ ಸಲ ಹೆಚ್ಚು ಹೊತ್ತು ಒತ್ತಿದರು, ಹೆಚ್ಚು ಹೊತ್ತು ಒತ್ತಿದರೆ ಸೊನ್ನೆ ಕರಗುತ್ತದೆ ಎಂಬಂತೆ. ಒಳಗೆ ಕೊನೆಯ ಎರಡು ಮನೆಗಳಲ್ಲಿ ಸೊನ್ನೆ ಸೊನ್ನೆ, ಎರಡೂ ಒಂದೇ, ಹಾಗಾಗಿ ಮೊದಲ ಮನೆಗೆ ಇನ್ನೊಂದು ಸೊನ್ನೆ.

"ಮಷೀನ್ ಬಿಘಡ್ಲಂ" ಎಂದರು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ. ಯಂತ್ರ ಕೆಟ್ಟಿದೆಯಂತೆ.

"ಹಸಿರು ದೀಪ ಉರೀತಾ ಇದೆಯಲ್ಲ ಸರ್. ಎಲ್ಲ ಆರಿದ್ದರೆ ಸೊನ್ನೆ. ಸೊನ್ನೆ ನಿಮ್ಮ ನಂಬರು" ಎಂದಳು ಸ್ನೇಹಲ್ ಮರಾಠಿಯಲ್ಲಿ, ಬೆಣ್ಣೆ ಹಚ್ಚಿದ ದನಿಯಲ್ಲಿ.

ಸರ್ ತಬ್ಬಿಬ್ಬಾದರು. ತಬ್ಬಿಬ್ಬಾದರೆ ಅವರ ಬಾಯಿಗೆ ಬರುವುದು ಕನ್ನಡವೇ. ನನ್ನ ಕಡೆ ತಿರುಗಿ, "ಸೊನ್ನಿ ಹೆಂಗ ಬರ್ತದ್ರಿ, ಇದರಾಗ ಸೊನ್ನಿ ಬರಂಗೇ ಇಲ್ಲಲ್ಲ" ಎಂದುಬಿಟ್ಟರು.

ಉಳಿದ ಹೆಚ್ಚಿನವರು ಮರಾಠಿಯವರು. ಏನು ಅಂದರು ಎಂದು ಕೇಳಿದರು. ನಾನು ಒಳ್ಳೆಯ ಮನೆತನದ ಹೆಣ್ಣುಮಗಳು, ಹಿರಿಯರ ಮಾತನ್ನು ಮುಚ್ಚಿಡಬಾರದು. ನಿಧಾನವಾಗಿ, ಒಂದು ಶಬ್ದವನ್ನೂ ಬಿಡದೆ, ಮರಾಠಿಯಲ್ಲಿ ಹೇಳಿದೆ: "ಈ ಯಂತ್ರದಲ್ಲಿ ಸೊನ್ನೆ ಬರುವುದೇ ಇಲ್ಲ ಅಂತಾರೆ ಸರ್."

ಹನ್ನೆರಡು ಮೇಷ್ಟ್ರುಗಳು ಮನಸ್ಸಿನಲ್ಲೇ ಬೋರ್ಡಿನ ಮೇಲೆ ಬರೆಯತೊಡಗಿದ್ದು ಅವರ ತುಟಿಗಳ ಮೇಲೆ ಕಾಣುತ್ತಿತ್ತು. ಒಬ್ಬೊಬ್ಬರಾಗಿ ಮುಗಿಸಿ, ಒಬ್ಬೊಬ್ಬರಾಗಿ ತಲೆಯೆತ್ತಿ ಸಾಹೇಬರನ್ನು ನೋಡಿದರು. ಆ ಹನ್ನೆರಡು ಜನವೂ ಶಿರೂರಿನ ಲಾಡ್ಜಿನಲ್ಲಿ ಮಲಗಿ ಎದ್ದವರು.

ಶಿವರುದ್ರಪ್ಪ ಸರ್ ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. "ಬಂದದಲ್ಲ, ಬಂತು. ನನ್ನ ನಂಬರ್. ನಾ ಹೋಗ್ತೀನಿ" ಎಂದರು, ಯಾರೂ ಕೇಳುವ ಮೊದಲೇ.

ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿದರು.

"ನೀವು ಎರಡು ಸಲ ಒತ್ತಿದ್ರಿ. ನನಗ ಕೇಳಿಸ್ತು."

"ಹಂಗಿದ್ರ ಆವಾಗ್ಲೇ ಎಲ್ಲಾರ ಮುಂದ ಹೇಳಬೇಕಿತ್ರಿ ಸರ್."

ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಸಿಟ್ಟು ಬಂದಿದ್ದು ನಿಜ, ಆದರೆ ಮೀಸೆಯ ಕೆಳಗೆ ನಗುವೂ ಬಂದಿತ್ತು. "ಭಾಳ ಶ್ಯಾಣ್ಯಾರಿದ್ದೀರಿ. ಹೋಗ್ರಿ, ಕಳಸಾ ಹಿಡದು ಬರ್ರಿ" ಎಂದರು. ಎರಡು ವರ್ಷದ ಮೋಸಗಾರ ಎಂದು ಬೈಯಲು ಬಾಯಿ ತೆರೆದಿದ್ದೆ, ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಮನುಷ್ಯನ ಮೇಲೆ ನನಗೆ ಎಂದೂ ಪೂರ್ತಿ ಸಿಟ್ಟು ಮಾಡಲು ಆಗಿಲ್ಲ.

ವರಾಂಡದಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಶಿರೂರು ತಪ್ಪಿತೋ. ನಾ ಬರ್ತೀನಿ."

"ಖರೇನ ಬರ್ತೀ ಏನು?" ಎಂದ. ಪಾಪ, ಸಂತೋಷಕ್ಕೆ ನಂಬಲಾಗುತ್ತಿಲ್ಲವೇನೋ ಎಂದುಕೊಂಡೆ.

"ಅಲ್ಲ, ನಿನಗ ರಜಾ ಸಿಗೂದಿಲ್ಲ, ಕಳಸಗಿತ್ತಿ ಇಲ್ದ ಮದುವಿ ಹೆಂಗ ಮಾಡೂದು, ಮುಂದ ಹಾಕೂಣು ಅಂತ ನಿನ್ನೆ ಬೀಗರಿಗೆ ಹೇಳಿಬಿಟ್ಟಿದ್ನಲ್ಲ."

ನಲವತ್ನಾಲ್ಕು ವರ್ಷ ತಪ್ಪಿಸಿಕೊಂಡವನ ದನಿ ಅದು. ನನಗೆ ಚೆನ್ನಾಗಿ ಗೊತ್ತು.

"ಈಗ ಫೋನ್ ಇಟ್ಟು ಅವರಿಗೆ ಮಾಡು" ಎಂದೆ. "ತಂಗಿ ಬರ್ತಾಳ, ಮದುವಿ ಅದೇ ದಿನ ಆಗ್ತದ ಅಂತ ಹೇಳು. ನೀ ಹೇಳದಿದ್ರ ನಾ ಹೇಳ್ತೀನಿ."