ಅಜ್ಜಿಯ ದನಿಗೆ ಎದುರುದನಿ

ನಾಳೆ ಬೆಳಿಗ್ಗೆ ಅಜ್ಜಿಯ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಗಡ್ಡೆ ಅಷ್ಟು ಬೆಳೆದಿದೆ. ಜೀವ ಉಳಿಯಬೇಕೆಂದರೆ ದನಿ ಹೋಗಬೇಕು. ಡಾಕ್ಟರು ಹೀಗೆ ಹೇಳಿ ಹೋದ ಮೇಲೆ ಮೊಮ್ಮಗಳು ಅಳುತ್ತ ಕೂರಲಿಲ್ಲ. ಆಸ್ಪತ್ರೆಯ ಕೋಣೆಯ ಫ್ಯಾನ್ ಆರಿಸಿದಳು, ಸದ್ದು ಬಾರದಿರಲೆಂದು ಕಿಟಕಿಗೆ ಕಂಬಳಿ ಕಟ್ಟಿದಳು. ಕಲ್ಲೆದೆಯವಳು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ! ಬೆಟ್ಟದ ಅವರ ಜನರಲ್ಲಿ ಅಜ್ಜಿಯ ಭಾಷೆಯನ್ನು ಸರಾಗವಾಗಿ ಆಡುವವರು ಇನ್ನಿಬ್ಬರೇ. ಒಬ್ಬರಿಗೆ ಕಿವಿ ಕೇಳಿಸದು, ಇನ್ನೊಬ್ಬರಿಗೆ ನೆನಪು ನಿಲ್ಲದು. ಬರಹವಂತೂ ಆ ಭಾಷೆಗೆ ಯಾವತ್ತೂ ಇರಲಿಲ್ಲ.

ಭಾಷೆಯನ್ನು ದಾಖಲಿಸುವ ಯೋಜನೆಯಲ್ಲಿ ಮೊಮ್ಮಗಳದು ಧ್ವನಿಮುದ್ರಣದ ಕೆಲಸ. ವರ್ಷಗಟ್ಟಲೆ ಅಜ್ಜಿಯ ಕಥೆ, ಹಾಡುಗಳನ್ನು ಹಿಡಿದಿಟ್ಟು, ಶಾಲೆಯಲ್ಲಿ ಕಲಿತ ಅಕ್ಷರಗಳಿಗೇ ಒಂದೆರಡು ಗುರುತು ಸೇರಿಸಿ ಸಾಲುಸಾಲಾಗಿ ಬರೆದಿದ್ದಳು. ಆ ದನಿಯನ್ನೂ ಬರಹವನ್ನೂ ಜೋಡಿಸಿ ಅದೇ ಯೋಜನೆಯ ಎಂಜಿನಿಯರ್ ಕಂಪ್ಯೂಟರಿಗೆ ಕಲಿಸಿದ್ದ. ಈಗ ಅದು ಬರೆದದ್ದನ್ನೆಲ್ಲ ಅಜ್ಜಿಯ ದನಿಯಲ್ಲೇ ಓದುತ್ತಿತ್ತು. ಓದುಬರಹವಿಲ್ಲದ ಅಜ್ಜಿ ಫೋನಿನಲ್ಲಿ ಚಿತ್ರ ಒತ್ತಿದರೆ ಸಾಕು, ಮಾತು ಹೊರಡುತ್ತದೆ. ಆಪರೇಷನ್ ಆದ ಮೇಲೆ ಅದೇ ಅವಳ ಬಾಯಿ ಎಂದು ಮೊಮ್ಮಗಳೂ ಎಂಜಿನಿಯರೂ ನೆಚ್ಚಿಕೊಂಡಿದ್ದರು.

ಈಗ ಅಜ್ಜಿಯ ಹಾಸಿಗೆಯ ಪಕ್ಕ ಕೂತು ಎಂಜಿನಿಯರ್ ನೀರಿನ ಚಿತ್ರ ಒತ್ತಿದ. "ನೀರು ಕೊಡು" ಎಂದು ಅಜ್ಜಿಯ ಭಾಷೆಯಲ್ಲೇ ಬಂತು. ಆದರೆ ಯಾವುದೋ ಕಾಲದ ಯಾವನೋ ರಾಜ ನೀರು ಕೇಳಿದನಂತೆ ಎನ್ನುವ ರಾಗದಲ್ಲಿ! "ಯಾರು ಬಂದದ್ದು?" ಎಂದು ಒತ್ತಿದರೆ ಅದು ಪ್ರಶ್ನೆಯಂತೆಯೇ ಕೇಳಿಸಲಿಲ್ಲ.

ಅಜ್ಜಿ ನಕ್ಕು ಕೆಮ್ಮಿದಳು. "ಅಯ್ಯೋ, ಪ್ರಾಣ ಹೋಗ್ತಿದೆ ಅಂತ ಇದು ಕೂಗಿದ್ರೂ ಕಥೆ ಅಂದ್ಕೊಂಡು ಎಲ್ರೂ ಆಕಳಿಸ್ತಾರೆ!"

"ಇದರ ತಪ್ಪಲ್ಲ ಮೇಡಂ," ಎಂದ ಎಂಜಿನಿಯರ್. "ನಾವು ಕೊಟ್ಟಿರೋದೆಲ್ಲ ಬರೀ ಕಥೆ, ಹಾಡು. ಇದರಲ್ಲಿ ಅಜ್ಜಿ ಒಬ್ಬರನ್ನೂ ಕರೆದಿಲ್ಲ, ಬೈದಿಲ್ಲ, ಏನೂ ಕೇಳಿಲ್ಲ. ಯಾಕೆ?"

ಯಾಕೆಂದು ಮೊಮ್ಮಗಳಿಗೆ ಗೊತ್ತಿತ್ತು. ಮುದ್ರಿಸುವವರು ಬಾಯಿ ಬಿಡಬಾರದು, ಹೂಂಗುಟ್ಟಲೂಬಾರದು, ಕಣ್ಣಲ್ಲೇ ತಲೆದೂಗಬೇಕು ಎಂಬುದು ಅವಳು ಕಲಿತ ಪಾಠ. ತಾನು ಪೇಟೆಯ ಮಾತಿನಲ್ಲಿ ಕೇಳಿದ ಪ್ರಶ್ನೆಗಳನ್ನೂ ಆಮೇಲೆ ಕತ್ತರಿಸಿ ಎಸೆದಿದ್ದಳು. ಎಷ್ಟು ಚೊಕ್ಕವಾಗಿದೆ ಎಂದು ಎಲ್ಲರೂ ಹೊಗಳಿದ್ದರು. ಚೊಕ್ಕವಂತೆ, ಚೊಕ್ಕ! ಎದುರಿಗೆ ಮನುಷ್ಯರೇ ಇಲ್ಲದ ಹಾಗೆ ಅಜ್ಜಿಯೊಬ್ಬಳೇ ಮಾತಾಡುವಂತೆ ಮಾಡಿದ್ದಳು ಪುಣ್ಯಾತ್ಗಿತ್ತಿ.

"ಅಜ್ಜಿ, 'ನೋವಾಗ್ತಿದೆ' ಅಂತ ನಮ್ಮ ಮಾತಲ್ಲಿ ಹೇಳು."

ಅಜ್ಜಿ ಪಾಠ ಒಪ್ಪಿಸಿದಂತೆ ಹೇಳಿದಳು.

"ಹಾಗಲ್ಲ, ನಿಜವಾಗ್ಲೂ ನೋವಾದ ಹಾಗೆ."

"ನಿಜವಾಗ್ಲೂ ಆಗ್ತಿದೆಯಲ್ಲೇ! ಯಾರಿಗೆ ಹೇಳ್ಲಿ? ಈ ಗೋಡೆಗಾ?" ಎಂದವಳಿಗೆ ಮತ್ತೆ ಕೆಮ್ಮು ಒತ್ತರಿಸಿತು. ಬಾಯೊರೆಸಿದ ಬಟ್ಟೆಯಲ್ಲಿ ರಕ್ತ ಕಂಡಿತು.

ನರ್ಸ್ ಬಾಗಿಲಲ್ಲಿ ಇಣುಕಿದಳು. "ಬೇಗ ಮುಗಿಸ್ರಮ್ಮ. ಟೆಸ್ಟ್‌ಗಳಿವೆ, ಈಗ ಬಂದು ಕರ್ಕೊಂಡು ಹೋಗ್ತೀನಿ."

ಆ ಭಾಷೆಯ ಒಂದೊಂದು ಮಾತೂ ಮೊಮ್ಮಗಳಿಗೆ ಅರ್ಥವಾಗುತ್ತಿತ್ತು. ಆಡಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಅಣಕಿಸಿದ ದಿನವೇ ಬಿಟ್ಟುಬಿಟ್ಟಿದ್ದಳು. ಈಗಲೂ ನಾಚಿಕೆ, ಅಜ್ಜಿಯ ಮುಂದೆಯೂ ನಾಚಿಕೆ! ಹೆಡ್‌ಫೋನ್ ಕಿತ್ತು ಹಾಸಿಗೆಯ ಮೇಲಿಟ್ಟಳು. ಅಜ್ಜಿಗೆ ಸಿಕ್ಕಿಸಿದ್ದಂಥದೇ ಇನ್ನೊಂದು ಪುಟ್ಟ ಮೈಕನ್ನು ತನ್ನ ಕೊರಳಪಟ್ಟಿಗೆ ಸಿಕ್ಕಿಸಿಕೊಂಡಳು.

"ಎರಡು ದನಿ ಒಂದ್ರ ಮೇಲೊಂದು ಬಿದ್ರೆ ಉಪಯೋಗಕ್ಕೆ ಬರಲ್ಲ ಮೇಡಂ."

"ಬೇರೆ ಬೇರೆ ಟ್ರ್ಯಾಕಲ್ಲಿ ಹಿಡೀರಿ. ಬಿದ್ದಷ್ಟು ಬೀಳ್ಲಿ."

ಅವಳು ಅಜ್ಜಿಯತ್ತ ತಿರುಗಿ ಮನೆಮಾತಿನಲ್ಲಿ, ತೊದಲುತ್ತ, "ನಿನಗೆ ಹೆದರಿಕೆಯಾಗ್ತಿದೆಯಾ?" ಎಂದು ಕೇಳಿದಳು.

ಅಜ್ಜಿ ಕಣ್ಣರಳಿಸಿ ನೋಡಿದಳು. ಆಮೇಲೆ ಕಟ್ಟೆಯೊಡೆಯಿತು. ಎಂಥ ಹಾಳು ಉಚ್ಚಾರ ನಿನ್ನದು ಎಂದು ಬೈದಳು, ಹೂಂ ಹೆದರಿಕೆಯಾಗ್ತಿದೆ ಎಂದಳು. ಊಟ ಮಾಡಿದೆಯಾ, ಈ ಹುಡುಗ ಯಾರು, ಮದುವೆಯಾಗಿದೆಯಾ ಎಂದು ಕೇಳಿದಳು. ಮೊಮ್ಮಗಳು ತಪ್ಪುತಪ್ಪಾಗಿ ಜಗಳವಾಡಿದಳು, ನಕ್ಕಳು, ಅತ್ತಳು. ದನಿಯ ಮೇಲೆ ದನಿ ಬಿತ್ತು. ಎಂಜಿನಿಯರ್ ಎರಡೂ ಟ್ರ್ಯಾಕುಗಳ ಮೇಲೆ ಕಣ್ಣಿಟ್ಟು ಕೂತಿದ್ದ. ನರ್ಸ್ ಬಂದು ಗಾಲಿಕುರ್ಚಿಗೆ ಏರಿಸಿದರೂ ಅಜ್ಜಿಯ ಬೈಗುಳ ನಿಲ್ಲಲಿಲ್ಲ. ಮೊಮ್ಮಗಳೇ ಮೈಕ್ ಬಿಚ್ಚಬೇಕಾಯಿತು.

ಆಪರೇಷನ್ ಸುಸೂತ್ರವಾಗಿ ಆಯಿತು. ಗಾಯ ಒಣಗುತ್ತ ಬಂದಾಗ ಎಂಜಿನಿಯರ್ ಹೊಸದಾಗಿ ಕಲಿಸಿದ ದನಿಯನ್ನು ತಂದ. ನೀರಿನ ಚಿತ್ರ ಒತ್ತಿದ. "ನೀರು ಕೊಡು!" ಎಂದು ಫೋನು ಗದರಿತು, ಥೇಟ್ ಅಜ್ಜಿಯೇ. ಅವನ ಮುಖ ಊರಗಲವಾಯಿತು.

ಕತ್ತಿನ ತೂತಿನಿಂದ ಉಸಿರಾಡುತ್ತಿದ್ದ ಅಜ್ಜಿ ಕೇಳಿಸಿಕೊಂಡಳು, ಪರವಾಗಿಲ್ಲ ಎಂಬಂತೆ ಕೈಯಾಡಿಸಿದಳು. ನಂತರ ಮೊಮ್ಮಗಳ ಎದೆಗೆ ಬೆರಳು ತಾಗಿಸಿ ಲ್ಯಾಪ್‌ಟಾಪಿನ ಕಡೆ ತೋರಿದಳು. ಅವಳಿಗೆ ಬೇಕಾಗಿದ್ದದ್ದು ಮೊಮ್ಮಗಳ ಟ್ರ್ಯಾಕು. ಹಾಕಿದರು. "ನಿನಗೆ ಹೆದರಿಕೆಯಾಗ್ತಿದೆಯಾ?" ಎಂಬ ತೊದಲು ಮಾತು ಮುಗಿಯುವ ಮೊದಲೇ ಅಜ್ಜಿ ತಪ್ಪು ಎಂಬಂತೆ ಹಾಸಿಗೆಗೆ ಪಟ್ಟನೆ ಬಡಿದು ಮೊಮ್ಮಗಳ ಬಾಯನ್ನೇ ದಿಟ್ಟಿಸಿದಳು.

ಮೊಮ್ಮಗಳು ಅದೇ ಮಾತನ್ನು ಉಚ್ಚಾರ ತಿದ್ದಿಕೊಂಡು ಹೇಳಿದಳು.

ಅಜ್ಜಿ ಮತ್ತೆ ಬಡಿದಳು.